‘ಮಳೆಗಾಲದಲ್ಲಿ ಕಾರು ಮನೆಯವರೆಗೆ ಬರುತ್ತದೆಯೇ?’

ಕೊಡಗಿನ ಹಲವು ಹೋಮ್‌ಸ್ಟೇಗಳ ಜಾಲತಾಣಗಳಲ್ಲಿ ‘ಪದೇ ಪದೇ ಕೇಳುವ ಪ್ರಶ್ನೆಗಳು’ ಎಂಬ ಪುಟವಿರುತ್ತದೆ. ತೆರೆದು ನೋಡಿದರೆ ‘ನಮ್ಮಲ್ಲೇ ಏಕೆ ತಂಗಬೇಕು?’, ‘ನಮ್ಮ ಆತಿಥ್ಯದ ವಿಶೇಷವೇನು?’ ಎಂಬಂಥವೇ ಹೆಚ್ಚು. ಫೋನ್ ಮಾಡಿ ಇವನ್ನು ಕೇಳಿದ ಅತಿಥಿ ಒಬ್ಬರೂ ಇರಲಾರರು. ಮಾಲೀಕರು ತಾವು ಹೇಳಬಯಸಿದ್ದನ್ನು ಪ್ರಶ್ನೆಯ ರೂಪದಲ್ಲಿ ಬರೆದಿರುತ್ತಾರೆ, ಅಷ್ಟೆ.

ಸೋಮವಾರಪೇಟೆ ಕಡೆಯ ಪರಿಚಿತರೊಬ್ಬರ ಹೋಮ್‌ಸ್ಟೇಗೆ ಇಂತಹ ಪುಟವನ್ನು ಹೊಸದಾಗಿ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂತು. ಅಲ್ಲಿ ಬುಕಿಂಗ್ ಫೋನ್ ಎತ್ತುವವರು ಅವರ ಮಗಳು. ಕರೆ ಮಾಡಿದವರು ಏನು ಕೇಳಿದರೋ ಅದನ್ನು ಅವರದೇ ಮಾತಿನಲ್ಲಿ ಬರೆದಿಡುವಂತೆ ಆಕೆಗೆ ಹೇಳಿ, ಹಳೆಯ ವಾಟ್ಸಾಪ್ ಸಂದೇಶಗಳನ್ನೂ ಜೊತೆಗಿಟ್ಟು ಓದಿದೆ. ಕಾರು ಅಂಗಳದವರೆಗೆ ಬರುತ್ತದೆಯೇ, ಕರೆಂಟ್ ಹೋದರೆ ಬಿಸಿನೀರು ಸಿಗುತ್ತದೆಯೇ, ಮಳೆಯಿಂದ ಬರಲಾಗದಿದ್ದರೆ ಮುಂಗಡ ವಾಪಸ್ ಕೊಡುತ್ತೀರಾ ಎಂಬ ಮೂರು ಪ್ರಶ್ನೆಗಳು ಮತ್ತೆ ಮತ್ತೆ ಬಂದಿದ್ದವು. ಹಳೆಯ ಪುಟದಲ್ಲಿ ಇವುಗಳಲ್ಲಿ ಒಂದೂ ಇರಲಿಲ್ಲ.

ರಸ್ತೆಯ ಬಗ್ಗೆ ಅಲ್ಲಿ ಇದ್ದದ್ದು ‘ಕಾಫಿ ತೋಟದ ನಡುವಿನ ರಮಣೀಯ ಹಾದಿಯಲ್ಲಿ ಸುಲಭವಾಗಿ ತಲುಪಬಹುದು’ ಎಂಬ ವಾಕ್ಯ. ಅದರ ಜಾಗದಲ್ಲಿ ಈಗ ಹೀಗಿದೆ: ‘ಮಳೆಗಾಲದಲ್ಲಿ ಕಾರು ಮನೆಯವರೆಗೆ ಬರುತ್ತದೆಯೇ? ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊನೆಯ ಒಂದು ಕಿಲೋಮೀಟರ್ ಮಣ್ಣಿನ ರಸ್ತೆಯಲ್ಲಿ ಕಾರು ಹೂತುಕೊಳ್ಳುತ್ತದೆ. ಡಾಂಬರು ರಸ್ತೆಯ ಬದಿಯಲ್ಲಿರುವ ನಮ್ಮ ಶೆಡ್ಡಿನಲ್ಲಿ ಕಾರು ನಿಲ್ಲಿಸಿ ಫೋನ್ ಮಾಡಿ, ಜೀಪು ಕಳಿಸುತ್ತೇವೆ. ಜೀಪಿಗೆ ಬೇರೆ ಹಣವಿಲ್ಲ.’ ಉತ್ತರದ ಮೊದಲ ಪದವೇ ಹೌದು ಅಥವಾ ಇಲ್ಲ ಎಂದಿರಬೇಕು. ಕಾರಣವೂ ಷರತ್ತೂ ಅದರ ಹಿಂದೆ ಬರಲಿ. ‘ಇಲ್ಲ’ ಎಂದು ಬರೆದರೆ ಗಿರಾಕಿ ತಪ್ಪಿಹೋಗುತ್ತಾರೆ ಎಂದು ಮಾಲೀಕರು ಅಳುಕಿದರು. ಆದರೆ ಕತ್ತಲಲ್ಲಿ, ಮಕ್ಕಳೊಂದಿಗೆ, ಕೆಸರಿನಲ್ಲಿ ಸಿಕ್ಕಿಕೊಂಡ ಕುಟುಂಬ ಬರೆಯುವ ವಿಮರ್ಶೆಯಿಂದ ಆಗುವ ನಷ್ಟ ಅದಕ್ಕಿಂತ ದೊಡ್ಡದು ಎಂಬುದು ನನ್ನ ದೃಢ ಅಭಿಪ್ರಾಯ.

ನಿಜವಾಗಿ ಕಷ್ಟವಾದದ್ದು ಮುಂಗಡದ ಪ್ರಶ್ನೆ. ‘ಸಂದರ್ಭಕ್ಕೆ ಅನುಗುಣವಾಗಿ ತೀರ್ಮಾನಿಸಲಾಗುವುದು’ ಎಂದು ನಾವು ಮೊದಲು ಹಾರಿಕೆಯ ಉತ್ತರ ಬರೆದಿದ್ದಕ್ಕೆ ಕಾರಣ ಭಾಷೆಯ ಕೊರತೆಯಲ್ಲ. ಮನೆಯವರೊಳಗೇ ಏನೂ ತೀರ್ಮಾನವಾಗಿರಲಿಲ್ಲ. ತಂದೆ ಒಬ್ಬರಿಗೆ ಹಣ ಮರಳಿಸಿದ್ದರು, ಮಗಳು ಇನ್ನೊಬ್ಬರಿಗೆ ಆಗದು ಎಂದಿದ್ದರು. ಕೊನೆಗೆ ಇಬ್ಬರೂ ಕುಳಿತು, ಮಳೆಯ ಕಾರಣಕ್ಕೆ ಜಿಲ್ಲಾಡಳಿತ ರಸ್ತೆ ಮುಚ್ಚಿದರೆ ಪೂರ್ತಿ ಹಣ ವಾಪಸ್, ರಸ್ತೆ ತೆರೆದಿದ್ದೂ ಅತಿಥಿಗಳೇ ಬೇಡವೆಂದರೆ ಒಮ್ಮೆ ದಿನಾಂಕ ಬದಲಾವಣೆ ಎಂದು ನಿಶ್ಚಯಿಸಿದ ಮೇಲೆ ಉತ್ತರ ಎರಡೇ ವಾಕ್ಯಗಳಲ್ಲಿ ಮುಗಿಯಿತು. ಅದನ್ನು ಹಣ ಪಾವತಿಸುವ ಪುಟದಲ್ಲೂ ಹಾಕಿಸಿದೆವು, ಏಕೆಂದರೆ ದುಡ್ಡು ಕಟ್ಟಿದ ಮೇಲೆ ಓದಿದರೆ ಪ್ರಯೋಜನವಿಲ್ಲ.

ಎಲ್ಲ ಪ್ರಶ್ನೆಗಳೂ ಇಷ್ಟು ಕಷ್ಟವಾಗಲಿಲ್ಲ. ‘ಮಡಿಕೇರಿಗೆ ರೈಲು ಇದೆಯೇ?’ ಎಂಬುದಕ್ಕೆ ‘ಇಲ್ಲ, ಮೈಸೂರಿನಲ್ಲಿ ಇಳಿದು ಬಸ್ಸು ಹಿಡಿಯಿರಿ, ಸುಮಾರು 120 ಕಿ.ಮೀ.’ ಎಂದರೆ ಸಾಕಾಯಿತು.

ಮಗಳು ಕರೆಗಳನ್ನು ಈಗಲೂ ಬರೆದಿಡುತ್ತಾರೆ. ಪುಟ ಓದಿಯೂ ಬಿಸಿನೀರಿನ ಬಗ್ಗೆ ಕೇಳುವವರು ಉಳಿದಿದ್ದಾರೆ. ‘ಸೌದೆ ಒಲೆಯ ಹಂಡೆ ಇದೆ’ ಎಂದಷ್ಟೇ ಬರೆದಿದ್ದೆವು. ನೀರನ್ನು ಯಾರು, ಎಷ್ಟು ಹೊತ್ತಿಗೆ ಬಚ್ಚಲಿಗೆ ತಂದುಕೊಡುತ್ತಾರೆ ಎಂಬುದನ್ನು ಈ ವಾರ ಸೇರಿಸುತ್ತಿದ್ದೇವೆ.