‘ಇವರಿಬ್ಬರೂ ಒಬ್ಬರೇನಾ?’ ಅಂತ ಫೋನ್ ಕೇಳಿತು

ಹೋದ ತಿಂಗಳು ಹಳೆಯ ಆಲ್ಬಂನ ಫೋಟೋಗಳನ್ನು ಸ್ಕ್ಯಾನ್ ಮಾಡಿ ಫೋನಿಗೆ ಹಾಕಿಕೊಂಡೆ. ಮರುದಿನ ಫೋಟೋ ಆ್ಯಪ್ ತೆರೆದರೆ ಎರಡು ಪುಟ್ಟ ಮುಖಗಳನ್ನು ಪಕ್ಕಪಕ್ಕ ಇಟ್ಟು, ಇವರಿಬ್ಬರೂ ಒಬ್ಬರೇನಾ ಬೇರೆಯವರಾ ಅಂತ ಕೇಳಿತು. ಒಂದು, ಎಂಟು ವರ್ಷದ ನಾನು. ಇನ್ನೊಂದು, ಎಂಟು ವರ್ಷದ ನನ್ನ ಮಗಳು. ಕೈಯಲ್ಲಿ ಬೇರೇನೋ ಕೆಲಸ ಇತ್ತು, ಸರಿಯಾಗಿ ನೋಡದೆ ‘ಒಬ್ಬರೇ’ ಅಂತ ಒತ್ತಿಬಿಟ್ಟೆ.

ಸಂಜೆ ನನ್ನ ಹೆಸರು ಹುಡುಕಿದರೆ ನನ್ನ ಮದುವೆ ಫೋಟೋ ಆದಮೇಲೆ ಮಗಳ ಶಾಲೆಯ ಡ್ಯಾನ್ಸ್, ಅದಾದಮೇಲೆ ಅವಳ ಹಲ್ಲು ಬಿದ್ದ ನಗು. ಮುನ್ನೂರಕ್ಕೂ ಹೆಚ್ಚು ಫೋಟೋ. ಮಗಳ ಹೆಸರೇ ಮಾಯವಾಗಿತ್ತು. ಅವಳು ನೋಡಿ, ‘ಅಮ್ಮಾ, ನಾನೆಲ್ಲಿ ಹೋದೆ?’ ಅಂದಳು.

ತಪ್ಪು ನನ್ನದೇ, ಬಿಡಿ. ಆದರೆ ಆ ಒಂದು ಫೋಟೋ ಇಷ್ಟೆಲ್ಲ ಮಾಡಿದ್ದು ಹೇಗೆ ಅಂತ ತಿಳಿದುಕೊಂಡರೆ ಇಡೀ ವ್ಯವಸ್ಥೆಯೇ ಅರ್ಥವಾಗುತ್ತದೆ.

ಆ್ಯಪ್‌ಗೆ ನಮ್ಮ ಮುಖ ಗೊತ್ತಿರುವುದಿಲ್ಲ. ಮೊದಲು ಫೋಟೋದಲ್ಲಿ ಮುಖ ಎಲ್ಲಿದೆ ಅಂತ ಹುಡುಕುತ್ತದೆ. ಆಮೇಲೆ ಆ ತುಂಡನ್ನು ಒಂದು ಉದ್ದ ಸಂಖ್ಯೆಗಳ ಸಾಲಾಗಿ ಬದಲಿಸುತ್ತದೆ. ಗೂಗಲ್‌ನವರು 2015ರಲ್ಲಿ ವಿವರಿಸಿದ ಫೇಸ್‌ನೆಟ್ ಎಂಬ ವಿಧಾನದಲ್ಲಿ ಒಂದು ಮುಖಕ್ಕೆ 128 ಸಂಖ್ಯೆ. ಇದರಲ್ಲಿ ಈ ಸಂಖ್ಯೆ ಮೂಗು, ಆ ಸಂಖ್ಯೆ ಹುಬ್ಬು ಅಂತೇನೂ ಇಲ್ಲ. ಒಬ್ಬರದೇ ಎರಡು ಫೋಟೋ ಆದರೆ ಸಾಲುಗಳು ಹತ್ತಿರ ಬರಬೇಕು, ಬೇರೆಯವರದಾದರೆ ದೂರ ಹೋಗಬೇಕು, ಅಷ್ಟೇ ಅದಕ್ಕೆ ಕಲಿಸಿರುವುದು. ನಡುವಿನ ದೂರ ಒಂದು ಗಡಿಗಿಂತ ಕಡಿಮೆ ಇದ್ದರೆ ‘ಒಬ್ಬರೇ’, ಜಾಸ್ತಿ ಇದ್ದರೆ ‘ಬೇರೆ’. ಗಡಿಯ ಆಸುಪಾಸಿನಲ್ಲಿದ್ದರೆ ನಮ್ಮನ್ನೇ ಕೇಳುತ್ತದೆ.

ಈಗಿನ ನನ್ನ ಮುಖಕ್ಕೂ ಮಗಳ ಮುಖಕ್ಕೂ ದೂರ ಬೇಕಾದಷ್ಟಿದೆ. ಅವೆರಡನ್ನೂ ಆ್ಯಪ್ ಯಾವತ್ತೂ ಬೆರೆಸಿರಲಿಲ್ಲ. ಆದರೆ ನನ್ನ ಬಾಲ್ಯದ ಫೋಟೋ ನಡುವೆ ನಿಂತಿತ್ತು. ಒಂದು ಕಡೆ ಹದಿನೈದರ ನಾನು, ಇಪ್ಪತ್ತರ ನಾನು ಅಂತ ಸಾಲಾಗಿ ಈಗಿನ ನನ್ನವರೆಗೆ ಕೊಂಡಿ. ಇನ್ನೊಂದು ಕಡೆ ಮಗಳು. ನಾನು ಒತ್ತಿದ ಆ ಒಂದು ಬಟನ್ ನಡುವೆ ಸೇತುವೆ ಹಾಕಿತು, ಎರಡು ಗುಂಪು ಒಂದಾದವು. ಚಿಕ್ಕ ಮಕ್ಕಳ ವಿಷಯದಲ್ಲಿ, ಅಕ್ಕ ತಂಗಿಯರ ವಿಷಯದಲ್ಲಿ, ಅವಳಿಗಳ ವಿಷಯದಲ್ಲಿ ಇಂಥ ಎಡವಟ್ಟು ಜಾಸ್ತಿ. ಅಜ್ಜಿಯಂದಿರು ಮಗು ನೋಡಿ ‘ಥೇಟ್ ನಿನ್ನ ಮುಖ’ ಅನ್ನುತ್ತಾರಲ್ಲ, ಆ ಮಾತನ್ನು ಯಂತ್ರ ಸ್ವಲ್ಪ ಗಂಭೀರವಾಗಿ ತೆಗೆದುಕೊಂಡಿದೆ ಅಷ್ಟೇ.

ಬೆರೆಸಲು ಒಂದು ಒತ್ತು ಸಾಕು. ಬಿಡಿಸಲು ಕೂತು ಆರಿಸಬೇಕು. ಗೂಗಲ್ ಫೋಟೋಸ್‌ನಲ್ಲಾದರೆ ಆ ವ್ಯಕ್ತಿಯ ಗುಂಪು ತೆರೆದು, ಮೂಲೆಯ ಮೂರು ಚುಕ್ಕಿ ಒತ್ತಿ, Remove results ಆರಿಸಿ, ಅವರದಲ್ಲದ ಫೋಟೋಗಳನ್ನು ಒಂದೊಂದಾಗಿ ಗುರುತು ಹಾಕಬೇಕು. ಫೋಟೋ ಅಳಿಸಿಹೋಗುವುದಿಲ್ಲ, ಗುಂಪಿನಿಂದ ಮಾತ್ರ ಹೊರಬರುತ್ತದೆ.

ಇನ್ನು ಹೆಸರಿನ ವಿಷಯ. ಸಂಖ್ಯೆಗಳಿಗೆ ಹೆಸರಿರುವುದಿಲ್ಲ. ಈ ಗುಂಪು ಇಂಥವರದು ಅಂತ ಮೊದಲ ಸಲ ಹೇಳುವುದು ನಾವೇ. ಫೇಸ್‌ಬುಕ್‌ನಲ್ಲಿ ಮೊದಲು ಫೋಟೋ ಹಾಕಿದ ಕೂಡಲೇ ‘ಇವರನ್ನು ಟ್ಯಾಗ್ ಮಾಡಲೇ?’ ಅಂತ ಹೆಸರು ಬರುತ್ತಿತ್ತಲ್ಲ, ನೆನಪಿದೆಯಾ? 2010ರ ಕೊನೆಗೆ ಶುರುವಾಗಿ 2011ರಲ್ಲಿ ಎಲ್ಲ ಕಡೆ ಬಂತು. ಆ ಹೆಸರುಗಳು ಆಕಾಶದಿಂದ ಬಿದ್ದಿರಲಿಲ್ಲ. ಅದಕ್ಕಿಂತ ಮುಂಚೆ ನಾವೇ ಖುಷಿಯಿಂದ ಒಬ್ಬರನ್ನೊಬ್ಬರು ಟ್ಯಾಗ್ ಮಾಡಿಕೊಂಡಿದ್ದೆವು. ಒಂದೊಂದು ಟ್ಯಾಗೂ ಒಂದೊಂದು ಪಾಠ. ಮಾಸ್ತರಿಕೆ ನಾವೇ ಮಾಡಿ, ಆಮೇಲೆ ‘ಇದಕ್ಕೆ ಹೇಗಪ್ಪಾ ಗೊತ್ತಾಯ್ತು’ ಅಂತ ಬೆರಗಾದವರೂ ನಾವೇ.

ಈಗಲೂ ಒಂದು ಮೆಸೇಜ್ ಓಡಾಡುತ್ತಿರುತ್ತದೆ: ಫೇಸ್‌ಬುಕ್ ಸೆಟ್ಟಿಂಗ್ಸ್‌ಗೆ ಹೋಗಿ Face Recognition ಆಫ್ ಮಾಡಿ, ಎಲ್ಲರಿಗೂ ಕಳಿಸಿ ಅಂತ. ಹುಡುಕಿ ಸುಸ್ತಾಗಬೇಡಿ, ಆ ಬಟನ್ ಇಲ್ಲ. 2021ರ ನವೆಂಬರ್‌ನಲ್ಲಿ ಫೇಸ್‌ಬುಕ್ ಆ ವ್ಯವಸ್ಥೆಯನ್ನೇ ಮುಚ್ಚುವುದಾಗಿ, ನೂರು ಕೋಟಿಗೂ ಹೆಚ್ಚು ಜನರ ಮುಖದ ಸಂಖ್ಯೆಗಳನ್ನು ಅಳಿಸುವುದಾಗಿ ಹೇಳಿತು. ಸುಮ್ನೆ ಮನಸ್ಸು ಕರಗಿ ಮುಚ್ಚಿದರು ಅಂತ ನನಗನಿಸುವುದಿಲ್ಲ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಒಪ್ಪಿಗೆ ಕೇಳದೆ ಮುಖದ ಗುರುತು ಇಟ್ಟುಕೊಳ್ಳುವುದರ ವಿರುದ್ಧ ಕಾನೂನಿದೆ. ಅದರಡಿ ಹೂಡಿದ ಮೊಕದ್ದಮೆಯಲ್ಲಿ 65 ಕೋಟಿ ಡಾಲರ್ ರಾಜಿಗೆ ಅದೇ ವರ್ಷ ನ್ಯಾಯಾಲಯ ಒಪ್ಪಿಗೆ ಕೊಟ್ಟಿತ್ತು. ಟ್ಯಾಗ್ ಮಟ್ಟಿಗೆ ಈಗ ಉಳಿದಿರುವುದು ಜನ ಕೈಯಾರೆ ಮಾಡುವ ಟ್ಯಾಗ್. ಅದನ್ನು ಮೊದಲು ನಿಮಗೆ ತೋರಿಸಿ ಅಂತ Profile and tagging ಎಂಬಲ್ಲಿ ಹೇಳಿಡಬಹುದು.

ಹಾಗಾಗಿ ಇವತ್ತು ಆಫ್ ಮಾಡುವ ಪ್ರಶ್ನೆ ನಿಜವಾಗಿ ಬರುವುದು ಫೋನಿನ ಫೋಟೋ ಆ್ಯಪ್‌ನಲ್ಲಿ. ಗೂಗಲ್ ಫೋಟೋಸ್ ತೆರೆದು, ಮೇಲಿನ ನಿಮ್ಮ ಚಿತ್ರ ಒತ್ತಿ, Photos settings ಒಳಗೆ Preferences, ಅದರೊಳಗೆ Group similar faces. ಅಲ್ಲಿ Face Groups ಎಂಬ ಸ್ವಿಚ್ ಇದೆ. ಅದನ್ನು ಆಫ್ ಮಾಡಿದರೆ ಗುಂಪುಗಳು, ಅವುಗಳ ಹಿಂದಿನ ಮುಖದ ಮಾದರಿ, ನೀವು ಕೊಟ್ಟ ಹೆಸರು ಮೂರೂ ಅಳಿಸಿಹೋಗುತ್ತವೆ. ಫೋಟೋಗಳು ಇರುತ್ತವೆ. ನಾಳೆ ಮನಸ್ಸು ಬದಲಾಯಿಸಿ ಆನ್ ಮಾಡಿದರೆ ಗುಂಪು ಮತ್ತೆ ಹುಟ್ಟುತ್ತದೆ, ಹೆಸರುಗಳನ್ನು ಮಾತ್ರ ನೀವೇ ಮೊದಲಿಂದ ಬರೆಯಬೇಕು.

ಒಂದು ಎಚ್ಚರ. ಅದೇ ಆ್ಯಪ್‌ನಲ್ಲಿ ಒಬ್ಬರ ಮುಖವನ್ನು ಮರೆ ಮಾಡುವ ಆಯ್ಕೆಯೂ ಇದೆ. ತುಂಬಾ ಜನ ಅದನ್ನು ಒತ್ತಿ ಮುಗಿಯಿತು ಅಂದುಕೊಳ್ಳುತ್ತಾರೆ. ಅದು ಪರದೆ ಎಳೆಯುವುದಷ್ಟೇ, ಗುಂಪು ಹಿಂದೆ ಹಾಗೇ ಇರುತ್ತದೆ. ನಾನೂ ಮಗಳ ವಿಷಯದಲ್ಲಿ ಮೊದಲು ಮಾಡಿದ್ದು ಇದನ್ನೇ.

ಕೊನೆಗೆ ಒಂದು ರಾತ್ರಿ ಸ್ವಿಚ್ ಆಫ್ ಮಾಡಿದೆ. ಸಮಾಧಾನವಾಯಿತು, ಅರ್ಧ ದಿನದ ಮಟ್ಟಿಗೆ. ನಾನು ಆಫ್ ಮಾಡಿದ್ದು ನನ್ನ ಆಲ್ಬಂ ಅನ್ನೇ ಹೊರತು ನನ್ನ ಮುಖವನ್ನಲ್ಲ ಅಂತ ಆಮೇಲೆ ಹೊಳೆಯಿತು. ನನ್ನ ಫೋಟೋ ಇರುವ ಪ್ರತಿಯೊಬ್ಬರ ಫೋನಿನಲ್ಲೂ ಆ ಸ್ವಿಚ್ ಬೇರೆ ಬೇರೆ. ಅಲ್ಲಿ ನನ್ನ ಮುಖದ ಗುಂಪು ಇರಬೇಕಾ ಬೇಡವಾ ಅಂತ ಅವರು ನಿರ್ಧರಿಸುತ್ತಾರೆ, ನಾನಲ್ಲ. ನನ್ನ ತಕರಾರು ಇರುವುದೇ ಇಲ್ಲಿ. ಮುಖ ನನ್ನದು, ಬಟನ್ ಇನ್ನೊಬ್ಬರದು. ಮಕ್ಕಳ ಮಟ್ಟಿಗಂತೂ ಅವರ ಮುಖಕ್ಕೆ ಹೆಸರಿಡುವ ಮುಂಚೆ ಮನೆಯವರು ಒಂದು ಮಾತು ಆಡಿಕೊಳ್ಳಬೇಕು ಅನ್ನುವುದು ನನ್ನ ಅಭಿಪ್ರಾಯ.

ಅಕ್ಕನಿಗೆ ಫೋನ್ ಮಾಡಿ, ನೀನೂ ಆಫ್ ಮಾಡೇ ಅಂದೆ. ಅವಳು ಒಪ್ಪಲಿಲ್ಲ. ‘ಅಮ್ಮನ ಫೋಟೋ ಎಲ್ಲಾ ಒಂದೇ ಕಡೆ ಸಿಗೋದು ಇದರಿಂದಲೇ ಕಣೇ. ಹದಿನಾಲ್ಕು ಸಾವಿರ ಫೋಟೋದಲ್ಲಿ ನಾನೆಲ್ಲಿ ಅಂತ ಹುಡುಕಲಿ?’ ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅಮ್ಮ ಹೋಗಿ ಮೂರು ವರ್ಷ ಆಯಿತು.

ಮಗಳ ಹೆಸರನ್ನು ಮಾತ್ರ ತೆಗೆದಳು. ನಾನು ಅವಳ ಫೋನಿನಲ್ಲಿ ಇನ್ನೂ ಇದ್ದೇನೆ, ‘ಪುಟ್ಟಿ’ ಎಂಬ ಹೆಸರಿನಲ್ಲಿ, ಅಮ್ಮನ ಗುಂಪಿನ ಪಕ್ಕದಲ್ಲೇ.