ಅನ್‌ಲಿಮಿಟೆಡ್ ಅಂದ್ರೆ ಎಲ್ಲಿವರೆಗೆ?

ಹೋದ ವಾರ ತುಮಕೂರಿನಿಂದ ಮಧುಗಿರಿ ಕಡೆ ಇರುವ ನಮ್ಮೂರಿಗೆ ಹೋಗಿದ್ದೆ. ತಂಗಿ ಮಗನೂ ಆಫೀಸಿನ ಲ್ಯಾಪ್‌ಟಾಪ್ ಹೊತ್ತು ಬಂದಿದ್ದ. ಅವನದು, ನನ್ನದು ಎರಡನ್ನೂ ನನ್ನ ಫೋನಿನ ಹಾಟ್‌ಸ್ಪಾಟ್‌ಗೆ ಸೇರಿಸಿದ್ದೆವು. ಮಧ್ಯಾಹ್ನದ ಹೊತ್ತಿಗೆ, "ಮಾವ, ಕನೆಕ್ಟ್ ಆಗಿದೆ, ನೆಟ್ ಬರ್ತಿಲ್ಲ" ಅಂದ. ಎರಡರಲ್ಲೂ `No internet, secured`.

ಫೋನಿನಲ್ಲಿ ವಾಟ್ಸಾಪ್ ಮೆಸೇಜ್ ಹೋಗುತ್ತಿತ್ತು. ಹಾಗಾದರೆ ಡೇಟಾ ಇದೆ ಅಲ್ವಾ ಅಂತ ಹಾಟ್‌ಸ್ಪಾಟ್ ಆಫ್ ಮಾಡಿ ಆನ್ ಮಾಡಿದ್ದು, ಪಾಸ್‌ವರ್ಡ್ ಬದಲಿಸಿದ್ದು, ಸುಮ್ನೆ ಒಂದು ಗಂಟೆ ಹಾಳು. ಕೊನೆಗೆ ಫೋನಿನಲ್ಲೇ ಒಂದು ವಿಡಿಯೊ ಹಾಕಿದೆ. ಚಕ್ರ ಸುತ್ತುತ್ತಲೇ ಇತ್ತು. ಮೊದಲೇ ಮಾಡಬೇಕಿದ್ದ ಪರೀಕ್ಷೆ ಅದು.

ನನ್ನ ಪ್ಲ್ಯಾನ್ ದಿನಕ್ಕೆ 2 ಜಿಬಿ. 5ಜಿ ಸಿಕ್ಕಲ್ಲಿ ಮಾತ್ರ ಅನ್‌ಲಿಮಿಟೆಡ್. ಸಿಟಿಯಲ್ಲಿ 5ಜಿ ಇರುವುದರಿಂದ ಲೆಕ್ಕವೇ ಬೀಳುತ್ತಿರಲಿಲ್ಲ. ಊರಲ್ಲಿ ಫೋನ್ 4ಜಿಗೆ ಇಳಿದಿತ್ತು. ಬೆಳಿಗ್ಗೆ ನನ್ನ ಲ್ಯಾಪ್‌ಟಾಪ್ ಹಾಟ್‌ಸ್ಪಾಟನ್ನು ಮನೆ ವೈಫೈ ಅಂದುಕೊಂಡು ವಿಂಡೋಸ್ ಅಪ್‌ಡೇಟ್ ಇಳಿಸಿಕೊಂಡಿದೆ. 2 ಜಿಬಿ ಖಾಲಿ. ಆಮೇಲೆ ಉಳಿದದ್ದು 64 ಕೆಬಿಪಿಎಸ್, ಅಂದರೆ ಒಂದು ಎಂಬಿ ಇಳಿಯಲು ಎರಡು ನಿಮಿಷಕ್ಕೂ ಜಾಸ್ತಿ. ಬರೀ ಅಕ್ಷರದ ಮೆಸೇಜ್ ಅದರಲ್ಲೂ ತೂರಿಕೊಂಡು ಹೋಗುತ್ತದೆ. ಎರಡು ಲ್ಯಾಪ್‌ಟಾಪ್ ಅದನ್ನೇ ಹಂಚಿಕೊಂಡರೆ, ನೆಟ್ ಇದೆಯಾ ಅಂತ ವಿಂಡೋಸ್ ಕೇಳುವ ಪ್ರಶ್ನೆಗೂ ಹೊತ್ತಿಗೆ ಸರಿಯಾಗಿ ಉತ್ತರ ಬರುವುದಿಲ್ಲ.

1 ಜಿಬಿಯ ಆಡ್-ಆನ್ ಹಾಕಿಸಿದೆ, ನೆಟ್ ಬಂತು. ಲ್ಯಾಪ್‌ಟಾಪಿನಲ್ಲಿ ಆ ವೈಫೈ ಹೆಸರಿನ ಸೆಟ್ಟಿಂಗ್‌ನಲ್ಲಿ `Metered connection` ಆನ್ ಮಾಡಿದೆ. ಈಗ ಅಪ್‌ಡೇಟ್‌ಗಳು ಬಹುಮಟ್ಟಿಗೆ ಸುಮ್ಮನಿರುತ್ತವೆ. 'ಅನ್‌ಲಿಮಿಟೆಡ್' ಅಂತ ದಪ್ಪ ಅಕ್ಷರದಲ್ಲಿ ಹಾಕುವವರು 4ಜಿಗೆ ಇಳಿದರೆ ಏನು ಅನ್ನೋದನ್ನೂ ಅಷ್ಟೇ ದಪ್ಪಗೆ ಹಾಕಲಿ ಅಂತ ನನ್ನ ಜಗಳ.

ಮಾರನೇ ದಿನ ಭಾವನ ಫೋನಿನದು ಬೇರೆ ಕಥೆ. ಅವರ ಫೋನಿನಲ್ಲಿ ವಿಡಿಯೊ ಸಲೀಸಾಗಿ ಓಡುತ್ತಿತ್ತು, ಲ್ಯಾಪ್‌ಟಾಪಿಗೆ ಮಾತ್ರ ಏನೂ ಇಲ್ಲ. ಹೀಗಾದರೆ ಕೋಟಾ ಮುಗಿದಿಲ್ಲ, ಟೆದರಿಂಗ್ ಕಡೆ, ಅಂದರೆ ಫೋನಿನ ನೆಟ್ ಹಂಚುವ ಕಡೆ, ತಡೆ ಇದೆ ಅಂತ ಅರ್ಥ. ಮೊದಲು ಫೋನಿನಲ್ಲಿದ್ದ ವಿಪಿಎನ್ ಆಫ್ ಮಾಡಿದೆ, ಪ್ರಯೋಜನವಾಗಲಿಲ್ಲ. ಮೊಬೈಲ್ ನೆಟ್‌ವರ್ಕ್ ಸೆಟ್ಟಿಂಗ್‌ನ `Access Point Names` ಒಳಗೆ `APN type` ನೋಡಿದರೆ `default,supl` ಅಂತ ಮಾತ್ರ ಇತ್ತು. ಕೆಲವು ಫೋನಿನಲ್ಲಿ ಟೆದರಿಂಗ್‌ಗೆ `dun` ಕೂಡ ಬೇಕು. ಹೀಗೆ ಬದಲಿಸಿ ಸೇವ್ ಮಾಡಿದೆ:

```
default,supl,dun
```

ಡೇಟಾ ಒಮ್ಮೆ ಆಫ್ ಮಾಡಿ ಆನ್ ಮಾಡಿದ ಮೇಲೆ ಲ್ಯಾಪ್‌ಟಾಪಿನಲ್ಲೂ ಪೇಜ್ ತೆರೆಯಿತು. ಎಲ್ಲ ಫೋನಿನಲ್ಲೂ ಇದನ್ನು ಬದಲಿಸಲು ಬಿಡುವುದಿಲ್ಲ. ಕಂಪನಿಯೇ ಪ್ಲ್ಯಾನ್‌ನಲ್ಲಿ ತಡೆದಿದ್ದರೆ ಬದಲಿಸಿಯೂ ಉಪಯೋಗವಿಲ್ಲ. ಆಗ ಕಸ್ಟಮರ್ ಕೇರ್‌ಗೆ "ನನ್ನ ಪ್ಲ್ಯಾನ್‌ನಲ್ಲಿ ಹಾಟ್‌ಸ್ಪಾಟ್‌ಗೆ ಅವಕಾಶ ಇದೆಯಾ?" ಅಂತಲೇ ಕೇಳಿ. ಬರೀ "ನೆಟ್ ಬರ್ತಿಲ್ಲ" ಅಂದರೆ ಫೋನ್ ರೀಸ್ಟಾರ್ಟ್ ಮಾಡಿ ಅಂತಾರೆ, ಅಷ್ಟೇ.