ಫ್ರೀಕ್ವೆನ್ಸಿ ನಾಲ್ಕಕ್ಕೆ ಬಂದರೆ ಜಾಹೀರಾತು ಬದಲಿಸಬೇಕೆ?

ಪರ: ಬದಲಿಸಲೇಬೇಕು

ಬಳ್ಳಾರಿಯ ಜೀನ್ಸ್ ಅಂಗಡಿಯೊಂದು ಹತ್ತು ಕಿಲೋಮೀಟರ್ ಒಳಗಿನವರಿಗೆ ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ಒಂದೇ ವಿಡಿಯೊ ಓಡಿಸುತ್ತಿದೆ ಅಂದುಕೊಳ್ಳಿ. ಮೊದಲ ವಾರ ಅದು 60,000 ಸಲ ಕಾಣಿಸಿತು. ಯಾರಿಗೆ? 40,000 ಜನಕ್ಕೆ. ಈ ಜನರ ಲೆಕ್ಕವೇ ರೀಚ್. ಅಂದರೆ ಒಬ್ಬೊಬ್ಬರಿಗೆ ಸರಾಸರಿ ಒಂದೂವರೆ ಸಲ, ಅದು ಫ್ರೀಕ್ವೆನ್ಸಿ.

ಮೂರನೇ ವಾರವೂ 60,000 ಸಲವೇ ಕಾಣಿಸಿತು. ಮಾಲೀಕರಿಗೆ ಸಮಾಧಾನ. ಆದರೆ ರೀಚ್ 15,000ಕ್ಕೆ ಇಳಿದಿದೆ, ಫ್ರೀಕ್ವೆನ್ಸಿ 4 ಆಗಿದೆ. ಹೊಸಬರು ಸಿಗುತ್ತಿಲ್ಲ, ನೋಡಿದವರಿಗೇ ಮತ್ತೆ ತೋರಿಸುತ್ತಿದೆ. ಎರಡೂ ವಾರದ ಖರ್ಚು 3,600 ರೂಪಾಯಿ. ಮೊದಲು 900 ಕ್ಲಿಕ್ ಬಂದಿದ್ದವು, ಈಗ ಬರೀ 360. ನಾಲ್ಕು ರೂಪಾಯಿಗೆ ಸಿಗುತ್ತಿದ್ದ ಒಂದು ಕ್ಲಿಕ್ಕಿಗೆ ಈಗ ಹತ್ತು ರೂಪಾಯಿ.

ನಮ್ಮಂಥ ಊರುಗಳಲ್ಲಿ ಇದು ಬೇಗ ಆಗುತ್ತದೆ. ಬೆಂಗಳೂರಿನಷ್ಟು ಜನ ಇಲ್ಲಿಲ್ಲ, ಅಲ್ವಾ? ಬಜೆಟ್ ಅಷ್ಟೇ ಇದ್ದು ಜನ ಕಡಿಮೆ ಇದ್ದರೆ ಅದೇ ಮುಖಗಳಿಗೆ ಅದೇ ವಿಡಿಯೊ ಸುತ್ತುತ್ತದೆ. ಬೇಸತ್ತವರು ಜಾಹೀರಾತನ್ನು ಮರೆಮಾಡುತ್ತಾರೆ, ಅದರಿಂದ ಖರ್ಚು ಇನ್ನೂ ಏರಬಹುದು. ಆಗ ಬಜೆಟ್ ಹೆಚ್ಚಿಸಬೇಡಿ. ಮೇಲಿನ ಅಕ್ಷರದ ಬಣ್ಣ ಬದಲಿಸಿ ಸುಮ್ನಾಗಲೂಬೇಡಿ. ವಿಡಿಯೊದ ಮೊದಲ ಮೂರು ಸೆಕೆಂಡೇ ಬೇರೆ ಆಗಬೇಕು. ರಿಯಾಯಿತಿಯ ಪೋಸ್ಟರ್ ಬದಲು ಹೊಲಿಗೆ ಯಂತ್ರದ ಸೂಜಿಯಡಿ ಓಡುವ ಜೀನ್ಸ್ ಬಟ್ಟೆ ತೋರಿಸಿ. ಜೊತೆಗೆ ಹೊಸಪೇಟೆ, ಸಿರುಗುಪ್ಪದ ಕಡೆಗೂ ಹರಡಿ.

ವಿರೋಧ: ನಾಲ್ಕು ಬರೀ ಸರಾಸರಿ

ಆ 15,000 ಜನರಲ್ಲಿ 3,000 ಮಂದಿ ತಲಾ ಹನ್ನೆರಡು ಸಲ ನೋಡಿ, ಉಳಿದ 12,000 ಮಂದಿ ಎರಡೇ ಸಲ ನೋಡಿರಬಹುದು. ಆಗಲೂ ಸರಾಸರಿ ನಾಲ್ಕೇ! ಬೇಸತ್ತವರು ಐದರಲ್ಲಿ ಒಬ್ಬರು. ಉಳಿದವರಿಗೆ ವಿಡಿಯೊ ಇನ್ನೂ ಹೊಸದೇ. ಬದಲಿಸುವ ಮುಂಚೆ ಇದನ್ನು ಯೋಚಿಸಿ.

ಯಾವ ಅವಧಿಯ ನಾಲ್ಕು ಅನ್ನೋದೂ ಮುಖ್ಯ. ಏಳು ದಿನದಲ್ಲಿ ನಾಲ್ಕು ಜಾಸ್ತಿ ಇರಬಹುದು, ಎರಡು ತಿಂಗಳಲ್ಲಿ ನಾಲ್ಕು ಏನೂ ಅಲ್ಲ. ವಾರವಾರದ ರೀಚ್ ಕೂಡಿಸಿ ತಿಂಗಳ ಲೆಕ್ಕ ಹಾಕುವವರೂ ಇದ್ದಾರೆ. ಅದು ತಪ್ಪು. ಎರಡೂ ವಾರ ನೋಡಿದ ಒಬ್ಬರೇ ಇಬ್ಬರಾಗಿಬಿಡುತ್ತಾರೆ.

ಖರ್ಚು ಏರಿದ ಮಾತ್ರಕ್ಕೆ ಜನ ಬೇಸತ್ತಿದ್ದಾರೆ ಅನ್ನುವಂತಿಲ್ಲ. ದೀಪಾವಳಿಯ ವಾರ ನೋಡಿ. ಬಟ್ಟೆ, ಚಿನ್ನ, ಮೊಬೈಲ್ ಅಂಗಡಿಗಳೆಲ್ಲ ಅದೇ ಜನರಿಗಾಗಿ ಪೈಪೋಟಿಗೆ ಇಳಿಯುತ್ತವೆ. ಸಾವಿರ ಸಲ ತೋರಿಸಲು 60 ರೂಪಾಯಿ ಆಗುತ್ತಿದ್ದದ್ದು 84 ಆಯಿತು ಅನ್ನಿ. ನೋಡಿದ ನೂರು ಸಲಕ್ಕೆ ಬರುವ ಕ್ಲಿಕ್ ಒಂದೂವರೆಯಿಂದ 1.4ಕ್ಕೆ ಇಳಿದಿದೆ, ಅಷ್ಟೇ. ಆದರೂ ಕ್ಲಿಕ್ಕಿಗೆ ಆರು ರೂಪಾಯಿ ಬೀಳುತ್ತದೆ. ಇಲ್ಲಿ ವಿಡಿಯೊದ ತಪ್ಪೇನಿದೆ? ಅದನ್ನು ತೆಗೆದರೆ ಚೆನ್ನಾಗಿ ಓಡುತ್ತಿರುವುದನ್ನೇ ಕಳೆದುಕೊಳ್ಳುತ್ತೀರಿ. ಹೊಸ ಜಾಹೀರಾತು ಯಾರಿಗೆ ಹಿಡಿಸುತ್ತದೆ ಅಂತ ಫೇಸ್‌ಬುಕ್‌ನ ಯಂತ್ರ ಮೊದಲಿಂದ ಕಲಿಯಬೇಕು, ಅದೂ ಹಬ್ಬದ ದುಬಾರಿ ದರದಲ್ಲಿ.

ಹೀಗಾಗಿ ಫ್ರೀಕ್ವೆನ್ಸಿ ಏರಿ, ಕ್ಲಿಕ್ಕಿನ ಪ್ರಮಾಣವೂ ವಾರದಿಂದ ವಾರಕ್ಕೆ ಇಳಿಯುತ್ತಿದ್ದರೆ ಮಾತ್ರ ವಿಡಿಯೊಗೆ ಕೈ ಹಾಕಿ. ಮೊದಲು ವಾಟ್ಸಾಪ್‌ನಲ್ಲಿ ಬೆಲೆ ಕೇಳುವವರು ಕಡಿಮೆಯಾಗಿದ್ದಾರಾ ನೋಡಿ.